ಕ್ಲೈಂಟ್ ಬರೀ ‘ನೋಟೆಡ್’ ಅಂದರೆ: ಉದ್ದ ಮೇಲ್‌ನ ದೋಷ ಹುಡುಕಿ ಸರಿಮಾಡುವುದು

ಮೊದಲು ಲಕ್ಷಣ. ಮುಕ್ಕಾಲು ಗಂಟೆ ಕೂತು ಕ್ಲೈಂಟ್‌ಗೆ ಮೇಲ್ ಬರೆದಿದ್ದೀರಿ. ಒಂದು ವಿವರವೂ ಬಿಟ್ಟಿಲ್ಲ. ಅರ್ಧ ದಿನ ಕಳೆದ ಮೇಲೆ ಉತ್ತರ ಬರುತ್ತದೆ: ‘ನೋಟೆಡ್, ಥ್ಯಾಂಕ್ಸ್.’ ನೀವು ಕೇಳಿದ್ದು ಮಾತ್ರ ಬಂದಿಲ್ಲ. ಈಗ ಮತ್ತೆ ಕೇಳಬೇಕು, ಕೇಳಿದರೆ ಪೀಡಿಸಿದ ಹಾಗಾಗುತ್ತದೆ, ಕೇಳದಿದ್ದರೆ ಕೆಲಸ ನಿಲ್ಲುತ್ತದೆ.

ನನಗೆ ಇದು ಆಗಿದ್ದು ಒಬ್ಬ ಮಸಾಲೆ ಪುಡಿ ವ್ಯಾಪಾರಿಯ ಆನ್‌ಲೈನ್ ಅಂಗಡಿಯನ್ನು ಹಳೆ ಸರ್ವರ್‌ನಿಂದ ಹೊಸದಕ್ಕೆ ಸಾಗಿಸುವಾಗ. ನಮ್ಮದು ನಾಲ್ಕು ಜನರ ಸಣ್ಣ ಆಫೀಸು. ಅವರ ಸೈಟು ಇನ್ನೂ ಪಿಎಚ್‌ಪಿ 7.4ರ ಮೇಲೆ ಓಡುತ್ತಿತ್ತು, ಅದಕ್ಕೆ ಭದ್ರತೆಯ ಅಪ್‌ಡೇಟ್ ಬರುವುದು 2022ರ ನವೆಂಬರ್‌ಗೇ ನಿಂತಿದೆ. ಶನಿವಾರ ರಾತ್ರಿ 11ಕ್ಕೆ ಸಾಗಿಸೋಣ ಅಂತ ಫೋನಿನಲ್ಲಿ ಒಪ್ಪಿದ್ದರು. ಆದರೆ ಅದಕ್ಕೂ ಮೊದಲು, ಗುರುವಾರವೇ, ಅವರ ಡೊಮೇನ್ ಖಾತೆಯಲ್ಲಿ ನಮಗೆ ಪ್ರವೇಶ ಬೇಕಿತ್ತು.

ಯಾಕೆ ಗುರುವಾರವೇ ಅಂತ ಹೇಳಿಬಿಡ್ತೀನಿ, ಮುಂದೆ ಬೇಕಾಗುತ್ತದೆ. ಡೊಮೇನ್ ಹೆಸರನ್ನು ಯಾವ ಸರ್ವರ್‌ಗೆ ಕಳಿಸಬೇಕು ಅಂತ ಹೇಳುವ ಒಂದು ಎ ರೆಕಾರ್ಡ್ ಇರುತ್ತದೆ. ಅದನ್ನು ಇಂಟರ್ನೆಟ್ ಕಂಪನಿಗಳು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಅನ್ನುವ ಅಂಕಿಗೆ ಟಿಟಿಎಲ್ ಅಂತಾರೆ. ಇವರದ್ದು 86400 ಸೆಕೆಂಡು ಇತ್ತು, ಅಂದರೆ ಪೂರ್ತಿ ಒಂದು ದಿನ. ಅದನ್ನು ಮೊದಲೇ 300ಕ್ಕೆ ಇಳಿಸಿ ಒಂದು ದಿನ ಕಾಯಬೇಕು, ಆಮೇಲೆ ಸರ್ವರ್ ಬದಲಿಸಬೇಕು. ಹಾಗೆ ಮಾಡದೆ ಬದಲಿಸಿದರೆ ಭಾನುವಾರ ಇಡೀ ಕೆಲವು ಗಿರಾಕಿಗಳಿಗೆ ಹಳೆ ಅಂಗಡಿ, ಕೆಲವರಿಗೆ ಹೊಸ ಅಂಗಡಿ ತೆರೆದುಕೊಳ್ಳುತ್ತದೆ. ಆರ್ಡರ್ ಎರಡು ಕಡೆ ಬೀಳುತ್ತದೆ. ದೀಪಾವಳಿ ಮುಂದಿಟ್ಟುಕೊಂಡು ಆ ಗೋಜಲು ಯಾರಿಗೆ ಬೇಕು?

ಸರಿ, ಈಗ ನಾನು ಸೋಮವಾರ ಕಳಿಸಿದ ಮೇಲ್ ನೋಡಿ. ಮಧ್ಯೆ ಸ್ವಲ್ಪ ಕತ್ತರಿಸಿದ್ದೇನೆ, ಇಲ್ಲದಿದ್ದರೆ ನೀವೂ ಓದಲ್ಲ.

> ವಿಷಯ: ರೀ: ರೀ: ರೀ: ವೆಬ್‌ಸೈಟ್ ಕೊಟೇಶನ್
>
> ನಮಸ್ಕಾರ ಸರ್, ಚೆನ್ನಾಗಿದ್ದೀರಿ ಅಂತ ಭಾವಿಸುತ್ತೇನೆ. ಕಳೆದ ವಾರ ಫೋನಿನಲ್ಲಿ ಮಾತಾಡಿದಂತೆ ನಿಮ್ಮ ವೆಬ್‌ಸೈಟಿನ ಕೆಲಸ ಚೆನ್ನಾಗಿ ನಡೆಯುತ್ತಿದೆ. ಮೊದಲು ನಾವು ಹಳೆ ಸರ್ವರ್‌ನಲ್ಲೇ ಪಿಎಚ್‌ಪಿ ಅಪ್‌ಗ್ರೇಡ್ ಮಾಡಲು ಪ್ರಯತ್ನಿಸಿದೆವು, ಆದರೆ ಅಲ್ಲಿ ಪೇಮೆಂಟ್ ಪ್ಲಗಿನ್ ಕೆಲಸ ಮಾಡಲಿಲ್ಲ, ಹೋಸ್ಟಿಂಗ್‌ನವರಿಗೆ ಎರಡು ಸಲ ದೂರು ಕೊಟ್ಟೆವು, ಅವರಿಂದ ಸರಿಯಾದ ಉತ್ತರ ಬರಲಿಲ್ಲ. ಹಾಗಾಗಿ ಹೊಸ ಸರ್ವರ್ ಸಿದ್ಧ ಮಾಡಿ, ಎಲ್ಲ 140 ಉತ್ಪನ್ನಗಳನ್ನೂ ಅಲ್ಲಿ ಹಾಕಿ ಪರೀಕ್ಷೆ ಮಾಡಿದ್ದೇವೆ. ಸ್ವಲ್ಪ ತಡವಾಗಿದೆ ಅಂತ ನಮಗೂ ಗೊತ್ತು, ಆದರೆ ಇದರಲ್ಲಿ ನಮ್ಮ ಕಡೆಯಿಂದ ತಪ್ಪಿಲ್ಲ ಅಂತ ನಿಮಗೆ ಅರ್ಥವಾಗುತ್ತದೆ ಅಂದುಕೊಳ್ಳುತ್ತೇನೆ. ಡೊಮೇನ್‌ನ ಟಿಟಿಎಲ್ ಈಗ ಜಾಸ್ತಿ ಇರುವುದರಿಂದ ಅದನ್ನು ಮೊದಲೇ ಇಳಿಸುವುದು ಉತ್ತಮ. ಅದಕ್ಕೆ ಸಾಧ್ಯವಾದರೆ ನಿಮ್ಮ ಡೊಮೇನ್ ಖಾತೆಯ ಪ್ರವೇಶ ಆದಷ್ಟು ಬೇಗ ಸಿಕ್ಕರೆ ಅನುಕೂಲವಾಗುತ್ತಿತ್ತು. ಹಾಗೇ ಹೊಸ ಸಾಂಬಾರ್ ಪುಡಿ ಪ್ಯಾಕಿನ ಫೋಟೋ ಕಳಿಸಿದರೆ ಹಾಕಬಹುದು. ಎರಡನೇ ಕಂತಿನ ಬಿಲ್ ಕೂಡ ಲಗತ್ತಿಸಿದ್ದೇನೆ, ಗಮನಿಸಿ. ಏನಾದರೂ ಸಂದೇಹವಿದ್ದರೆ ದಯವಿಟ್ಟು ತಿಳಿಸಿ.

ಮಂಗಳವಾರ ಉತ್ತರ ಬಂತು: ‘ನೋಟೆಡ್, ಥ್ಯಾಂಕ್ಸ್. ಫೋಟೋ ಕಳಿಸ್ತೀನಿ.’ ನಾನು ಖುಷಿಯಾಗಿ ಸುಮ್ಮನಾದೆ, ಪ್ರವೇಶ ಬಂದಿಲ್ಲ ಅಂತ ನೋಡಿದ್ದು ಶುಕ್ರವಾರ ರಾತ್ರಿ. ಅವರು ಯಾವುದೋ ಮದುವೆಮನೆಯಲ್ಲಿದ್ದರು, ಫೋನ್ ಎತ್ತಲಿಲ್ಲ. ಕೆಲಸ ಒಂದು ವಾರ ಮುಂದೆ ಹೋಯಿತು. ಆಮೇಲೆ ಮಾತಾಡಿದಾಗ ಅವರು ಹೇಳಿದ್ದು: ‘ನೀವು ಎಲ್ಲಾ ಆಗಿದೆ ಅಂತ ಬರೆದಿದ್ರಲ್ಲಾ?’ ಮೇಲ್ ತೆಗೆದು ನೋಡಿದರೆ ಅವರು ಹೇಳಿದ್ದು ಸರಿ. ಮೊದಲರ್ಧ ಓದಿದವರಿಗೆ ಅರ್ಥವಾಗುವುದು ಅಷ್ಟೇ.

ಉತ್ತರ ನೋಡಿ ದೋಷ ಹಿಡಿಯುವುದು

ಮೇಲ್ ತಿದ್ದುವ ಮೊದಲು ಬಂದ ಉತ್ತರ ಓದಿ. ದೋಷ ಯಾವ ಕಡೆ ಇದೆ ಅಂತ ಅದೇ ಹೇಳುತ್ತದೆ.

ಬರೀ ‘ನೋಟೆಡ್’ ಅಥವಾ ‘ಓಕೆ’ ಬಂದರೆ, ಅವರು ನಿಮ್ಮ ಮೇಲ್ ಅನ್ನು ಸುದ್ದಿ ಅಂತ ಓದಿದ್ದಾರೆ, ಕೋರಿಕೆ ಕಣ್ಣಿಗೇ ಬಿದ್ದಿಲ್ಲ. ಕೇಳಿದ ಮೂರರಲ್ಲಿ ಒಂದಕ್ಕೆ ಮಾತ್ರ ಉತ್ತರ ಬಂದರೆ, ಮತ್ತು ಅದು ಎಲ್ಲಕ್ಕಿಂತ ಸುಲಭದ್ದಾಗಿದ್ದರೆ, ನೀವು ಒಂದೇ ಮೇಲ್‌ನಲ್ಲಿ ಜಾಸ್ತಿ ಕೇಳಿದ್ದೀರಿ. ನನ್ನದರಲ್ಲಿ ಈ ಎರಡೂ ಇತ್ತು ನೋಡಿ: ನೋಟೆಡ್ ಅಂದರು, ಜೊತೆಗೆ ಫೋಟೋ ಕಳಿಸ್ತೀನಿ ಅಂದರು. ಫೋಟೋ ಕಳಿಸುವುದು ಸುಲಭ. ಡೊಮೇನ್ ಖಾತೆ ತೆಗೆಯಬೇಕಾದರೆ ಪಾಸ್‌ವರ್ಡ್ ಹುಡುಕಬೇಕು, ಆ ಕೆಲಸ ಯಾರಿಗೆ ಇಷ್ಟ?

ಇನ್ನು ‘ಫೋನ್ ಮಾಡಿ’ ಅಂತ ಬಂದರೆ ಕೋರಿಕೆ ಕಂಡಿದೆ, ಆದರೆ ತಾವು ಏನು ಮಾಡಬೇಕು ಅಂತ ತಿಳಿದಿಲ್ಲ, ಅಥವಾ ಏನೋ ಎಡವಟ್ಟಾಗಿದೆ ಅಂತ ಹೆದರಿದ್ದಾರೆ. ಇದನ್ನು ನಾನು ಅರ್ಧ ಗೆಲುವು ಅಂತಲೇ ಲೆಕ್ಕ ಹಾಕುತ್ತೇನೆ. ಏನೂ ಉತ್ತರ ಬರದಿದ್ದರೆ ಮಾತ್ರ ಆತುರ ಬೇಡ. ಅದಕ್ಕೆ ಮೇಲ್ ಕಾರಣವೇ ಆಗಿರಬೇಕು ಅಂತೇನಿಲ್ಲ. ಅದನ್ನು ಕೊನೆಯಲ್ಲಿ ನೋಡೋಣ.

ಆಮೇಲೆ ಎರಡು ಪರೀಕ್ಷೆ. ಒಂದು, ಆ ಮೇಲ್ ಅನ್ನು ನಿಮಗೇ ಕಳಿಸಿಕೊಂಡು ಮೊಬೈಲಿನಲ್ಲಿ ನೋಡಿ, ತೆರೆಯಬೇಡಿ. ಪಟ್ಟಿಯಲ್ಲಿ ಕಾಣುವುದು ನಿಮ್ಮ ಹೆಸರು, ವಿಷಯದ ಸಾಲಿನ ನಾಲ್ಕಾರು ಪದ, ಮೊದಲ ವಾಕ್ಯದ ಒಂದು ತುಂಡು. ನನ್ನದರಲ್ಲಿ ಕಂಡದ್ದು ‘ರೀ: ರೀ: ರೀ: ವೆಬ್‌ಸೈಟ್ ಕೊಟೇಶನ್, ನಮಸ್ಕಾರ ಸರ್, ಚೆನ್ನಾಗಿದ್ದೀರಿ’. ಅಂಗಡಿಯಲ್ಲಿ ಗಿರಾಕಿ ಎದುರಿಗಿರುವಾಗ ಇದನ್ನು ಯಾರು ತೆರೆಯುತ್ತಾರೆ? ಕೊಟೇಶನ್ ಮುಗಿದು ಎರಡು ತಿಂಗಳಾಗಿತ್ತು.

ಎರಡನೇದು, ಪಕ್ಕದವರಿಗೆ ಹತ್ತು ಸೆಕೆಂಡು ತೋರಿಸಿ ಮುಚ್ಚಿಬಿಡಿ. ‘ಇದು ಬಂದವರು ಏನು ಮಾಡಬೇಕು, ಯಾವಾಗಿನೊಳಗೆ?’ ಅಂತ ಕೇಳಿ. ನಾನು ಕೇಳಿದಾಗ ನಮ್ಮ ಆಫೀಸಿನ ಹುಡುಗಿ ಹೇಳಿದ್ದು: ‘ಹೋಸ್ಟಿಂಗ್‌ನವರ ಮೇಲೆ ಸಿಟ್ಟಾಗಬೇಕಾ ಸರ್?’

ಕೋರಿಕೆ ಕೆಳಗೆ ಹೋಗುವುದು ಯಾಕೆ

ಸೋಮಾರಿತನದಿಂದಂತೂ ಅಲ್ಲ. ಇಂಥ ಮೇಲ್ ಬರೆಯುವವರು ಪಾಪ ಜಾಸ್ತಿ ಕಷ್ಟಪಡುವವರೇ.

ಒಂದು ಕಾರಣ ನಾವು ಪತ್ರ ಬರೆಯಲು ಕಲಿತ ರೀತಿ. ಶಾಲೆಯ ರಜಾ ಅರ್ಜಿ ನೆನಪಿದೆಯಾ? ಇಂದ, ಗೆ, ವಿಷಯ, ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’, ನನಗೆ ಜ್ವರ ಬಂದಿರುವ ಕಾರಣ, ಕೊನೆಗೆ ‘ಎರಡು ದಿನ ರಜೆ ಮಂಜೂರು ಮಾಡಬೇಕಾಗಿ ಕೋರುತ್ತೇನೆ’. ಅಲ್ಲಿ ಕೋರಿಕೆ ಕೊನೆಗೇ ಬರುತ್ತದೆ, ಆದರೂ ಕೆಲಸ ಆಗುತ್ತಿತ್ತು. ಯಾಕೆಂದರೆ ‘ವಿಷಯ’ ಅನ್ನುವ ಸಾಲಿನಲ್ಲೇ ‘ಎರಡು ದಿನ ರಜೆ ಕೋರಿ’ ಅಂತ ಇರುತ್ತಿತ್ತು. ನಾವು ಮೇಲ್‌ಗೆ ಬಂದಾಗ ಕೊನೆಗೆ ಕೇಳುವ ಅಭ್ಯಾಸ ತಂದೆವು, ವಿಷಯದ ಸಾಲನ್ನು ಮಾತ್ರ ಹಿಂದೆ ಬಿಟ್ಟು ಬಂದೆವು.

ಇನ್ನೊಂದು ಸಂಕೋಚ. ಯಾರ ಮನೆಗೋ ಏನೋ ಕೇಳಲು ಹೋದರೆ ಮಳೆ ಬೆಳೆ ಮಾತಾಡಿ, ಕಾಫಿ ಕುಡಿದು, ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ ‘ಅಂದಹಾಗೆ...’ ಅಂತ ಶುರು ಮಾಡುವವರು ನಾವು. ಮನೆಯಲ್ಲಿ ಅದು ಚಂದ, ಎದುರಿನವರು ಕೂತಿರುತ್ತಾರೆ. ಮೇಲ್ ಓದುವವರು ಕಾಫಿ ಬರುವ ಮೊದಲೇ ಎದ್ದು ಹೋಗಿರುತ್ತಾರೆ.

ಮೂರನೇದು ನನ್ನ ಖಾಸಾ ರೋಗ. ತಡವಾಗಿದೆ, ಬೈಸಿಕೊಳ್ಳುವ ಭಯ. ಹಾಗಾಗಿ ಯಾರೂ ಕೇಳದೆಯೇ ಸಮಜಾಯಿಷಿ ಕೊಡುವುದು. ಹೋಸ್ಟಿಂಗ್‌ನವರ ಕಥೆಯೆಲ್ಲ ಅದೇ.

ರಿಪೇರಿ

ಹಳೆ ಮೇಲ್ ಇಟ್ಟುಕೊಂಡು ಅಲ್ಲೊಂದು ಇಲ್ಲೊಂದು ಪದ ಕತ್ತರಿಸಬೇಡಿ. ನಾನು ಮೊದಲು ಅದನ್ನೇ ಮಾಡಿದೆ. ಗಾತ್ರ ಅರ್ಧ ಆಯಿತು, ಕೋರಿಕೆ ಆಗಲೂ ಕೆಳಗೇ ಇತ್ತು. ಚಿಕ್ಕದಾದರೆ ಸರಿಯಾಯಿತು ಅಂತಲ್ಲ, ಕೋರಿಕೆ ಜಾಗ ಬದಲಿಸಬೇಕು.

ಹಳೆಯದನ್ನು ಪ್ರಿಂಟ್ ತೆಗೆಯಿರಿ ಅಥವಾ ಒಂದು ಡಾಕ್ಯುಮೆಂಟ್‌ಗೆ ಹಾಕಿ, ಪ್ರತಿ ವಾಕ್ಯಕ್ಕೂ ಬಣ್ಣ ಹಚ್ಚಿ. ಅವರು ಏನಾದರೂ ಮಾಡಬೇಕಾದದ್ದಕ್ಕೆ ಕೆಂಪು. ಅವರು ಹೂಂ ಅನ್ನಲು ತಿಳಿದಿರಲೇಬೇಕಾದದ್ದಕ್ಕೆ ಹಸಿರು. ಉಳಿದದ್ದಕ್ಕೆ ಬಣ್ಣ ಬೇಡ. ಹಸಿರು ಹಚ್ಚುವಾಗ ಪ್ರಾಮಾಣಿಕರಾಗಿರಿ: ಈ ವಾಕ್ಯ ತೆಗೆದರೆ ಅವರ ತೀರ್ಮಾನ ಬದಲಾಗುತ್ತದಾ? ಹೋಸ್ಟಿಂಗ್‌ನವರಿಗೆ ಎರಡು ಸಲ ದೂರು ಕೊಟ್ಟಿದ್ದು ತೆಗೆದರೆ ಏನೂ ಬದಲಾಗುವುದಿಲ್ಲ. 140 ಉತ್ಪನ್ನ ಹಾಕಿದ್ದೂ ಅಷ್ಟೇ, ಅದು ನನ್ನ ಹೆಮ್ಮೆ, ಅವರ ಅಗತ್ಯ ಅಲ್ಲ. ಟಿಟಿಎಲ್ ವಾಕ್ಯ ಮಾತ್ರ ಹಸಿರು, ಆದರೆ ಅದರಲ್ಲೂ ಅವರಿಗೆ ಬೇಕಾದದ್ದು ಇರಲಿಲ್ಲ. ‘ಮೊದಲೇ ಇಳಿಸುವುದು ಉತ್ತಮ’ ಅಂದಿದ್ದೆ. ಇಳಿಸದಿದ್ದರೆ ಆರ್ಡರ್ ಎರಡು ಕಡೆ ಬೀಳುತ್ತದೆ ಅನ್ನುವುದನ್ನು ಬರೆದೇ ಇರಲಿಲ್ಲ! ವ್ಯಾಪಾರಿಗೆ ತಾಗುವ ಒಂದೇ ಒಂದು ಮಾತು ಅದು.

ಕೆಂಪು ಮೂರು ಸಿಕ್ಕವು: ಪ್ರವೇಶ, ಫೋಟೋ, ಬಿಲ್. ಇವಕ್ಕೆ ಗಡುವು ಬೇರೆ ಬೇರೆ, ಮಾಡುವ ಜನವೂ ಬೇರೆ ಬೇರೆ. ಹಾಗಿದ್ದಮೇಲೆ ಮೂರು ಮೇಲ್. ಮೂರನ್ನೂ ಮಾಡುವವರು ಒಬ್ಬರೇ ಆಗಿ, ಮೂರೂ ಒಂದೇ ದಿನಕ್ಕೆ ಬೇಕಿದ್ದರೆ ಒಂದೇ ಮೇಲ್‌ನಲ್ಲಿ ನಂಬರ್ ಹಾಕಿ ಕೇಳಬಹುದು, ಇಲ್ಲದಿದ್ದರೆ ಬೇಡ.

ಈಗ ಖಾಲಿ ಪುಟ ತೆಗೆದು ಕೆಂಪು ವಾಕ್ಯ ಹೊಸದಾಗಿ ಬರೆಯಿರಿ. ಯಾರು, ಏನು, ಯಾವಾಗಿನೊಳಗೆ, ಮೂರೂ ಅದರಲ್ಲೇ ಇರಬೇಕು. ‘ಸಾಧ್ಯವಾದರೆ ಪ್ರವೇಶ ಆದಷ್ಟು ಬೇಗ ಸಿಕ್ಕರೆ ಅನುಕೂಲವಾಗುತ್ತಿತ್ತು’ ಅನ್ನುವ ನನ್ನ ವಾಕ್ಯದಲ್ಲಿ ಯಾರು ಕೊಡಬೇಕು ಅಂತಿಲ್ಲ, ದಿನ ಇಲ್ಲ, ‘ಸಾಧ್ಯವಾದರೆ’ ಅಂತ ತಪ್ಪಿಸಿಕೊಳ್ಳುವ ದಾರಿಯನ್ನೂ ನಾನೇ ಕೊಟ್ಟಿದ್ದೇನೆ. ‘ಆದಷ್ಟು ಬೇಗ’ ಅಂದರೆ ನನಗೆ ಗುರುವಾರ, ಅವರಿಗೆ ದೀಪಾವಳಿ ಆದಮೇಲೆ. ಇನ್ನೊಂದು ವಿಷಯ, ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಕಾರಣವನ್ನೆಲ್ಲ ‘ಇರುವುದರಿಂದ’, ‘ಆದ್ದರಿಂದ’ ಅಂತ ಅದೇ ವಾಕ್ಯದ ಮುಂದೆ ಪೋಣಿಸಿದರೆ ಮೊದಲ ವಾಕ್ಯದಲ್ಲೇ ಕೇಳಿದರೂ ಕೋರಿಕೆ ಮೂರನೇ ಸಾಲಿಗೆ ಇಳಿಯುತ್ತದೆ. ಕೋರಿಕೆಯ ವಾಕ್ಯ ಗಿಡ್ಡ ಇರಲಿ, ಕಾರಣಕ್ಕೆ ಬೇರೆ ವಾಕ್ಯ ಕೊಡಿ.

ಎರಡನೇ ವಾರ ಕಳಿಸಿದ್ದು ಇದು.

> ವಿಷಯ: ಗುರುವಾರ ಸಂಜೆ 6ಕ್ಕೆ ನಿಮ್ಮ 10 ನಿಮಿಷ ಬೇಕು, ಡೊಮೇನ್ ಪ್ರವೇಶಕ್ಕೆ
>
> ನಮಸ್ಕಾರ ಸರ್,
>
> ಗುರುವಾರ ಸಂಜೆ 6ಕ್ಕೆ ನಾನು ಫೋನ್ ಮಾಡುತ್ತೇನೆ. ಆಗ ನೀವು ಡೊಮೇನ್ ಖಾತೆಗೆ ಲಾಗಿನ್ ಆಗಿ ನಮ್ಮ ಆಫೀಸಿನ ಮೇಲ್‌ಗೆ ಪ್ರವೇಶ ಕೊಡಬೇಕು. 6 ಗಂಟೆ ಆಗುತ್ತದಾ?
>
> ಗುರುವಾರ ಆಗದಿದ್ದರೆ ಶನಿವಾರ ರಾತ್ರಿ ಸೈಟ್ ಬದಲಿಸಲು ಆಗುವುದಿಲ್ಲ. ಬಲವಂತವಾಗಿ ಬದಲಿಸಿದರೆ ಭಾನುವಾರ ಆರ್ಡರ್‌ಗಳು ಹಳೆ ಅಂಗಡಿ, ಹೊಸ ಅಂಗಡಿ ಎರಡರಲ್ಲೂ ಬೀಳುತ್ತವೆ.
>
> ಪಾಸ್‌ವರ್ಡ್, ಒಟಿಪಿ ನನಗೆ ಕಳಿಸಬೇಡಿ, ನೀವೇ ಹಾಕಿದರೆ ಸಾಕು. ಶನಿವಾರ ರಾತ್ರಿ ನೀವು ಎದ್ದಿರಬೇಕಿಲ್ಲ.
>
> ಹೊಸ ಸರ್ವರ್ ಸಿದ್ಧವಾಗಿದೆ. ವಿವರ ಬೇಕಿದ್ದರೆ ಗುರುವಾರ ಹೇಳುತ್ತೇನೆ.

ಎರಡು ಸಣ್ಣ ವಿಷಯ ಗಮನಿಸಿ. ‘6 ಗಂಟೆ ಆಗುತ್ತದಾ?’ ಅನ್ನುವುದಕ್ಕೆ ಒಂದೇ ಪದದಲ್ಲಿ, ಒಂದೇ ಕೈಯಲ್ಲಿ ಉತ್ತರ ಕೊಡಬಹುದು. ‘ಪ್ರವೇಶ ಕೊಡಿ’ ಅಂತ ಅಷ್ಟೇ ಹೇಳಿದ್ದರೆ ಅವರು ಕೂತು ಕೆಲಸ ಮಾಡಿದಮೇಲೇ ಉತ್ತರ ಕೊಡಬೇಕಿತ್ತು. ಮತ್ತೆ ಒಟಿಪಿ ಸಾಲು. ಅದು ಕತ್ತರಿಸಬಹುದಾದ ಸಾಲು ಅಂತ ಕಾಣುತ್ತದೆ, ಆದರೆ ಅವರ ಮನಸ್ಸಿನಲ್ಲಿ ಮೊದಲು ಏಳುವ ಅನುಮಾನವೇ ಅದು, ಹಾಗಾಗಿ ಹಸಿರು. ಡೊಮೇನ್ ಅವರ ಆಸ್ತಿ, ಬೀಗದ ಕೈ ಕೇಳುವವರು ನಾವು.

ಹೀಗೆ ನೇರವಾಗಿ ಕೇಳಿದರೆ ಒರಟಾಗಲ್ವಾ ಅಂತ ಕೇಳುವವರಿದ್ದಾರೆ. ಕನ್ನಡದಲ್ಲಿ ಮರ್ಯಾದೆ ‘ನೀವು’ ಅನ್ನುವುದರಲ್ಲಿ, ‘ಕಳಿಸಬೇಡಿ’ ಅನ್ನುವುದರ ಕೊನೆಯ ಪ್ರತ್ಯಯದಲ್ಲಿ, ‘ಆಗುತ್ತದಾ’ ಅಂತ ಕೇಳುವುದರಲ್ಲಿ ಇದೆ. ಅದಕ್ಕೆ ಮೇಲೆ ಎಂಟು ಸಾಲಿನ ಪೀಠಿಕೆ ಬೇಕಿಲ್ಲ. ನಮಸ್ಕಾರ ಇರಲಿ. ಚೆನ್ನಾಗಿದ್ದೀರಿ ಅಂತ ಭಾವಿಸುವುದು ಬಿಡಬಹುದು.

ಕತ್ತರಿ ಜಾಸ್ತಿ ಆದರೆ

ಇದೂ ಒಂದು ದೋಷ, ಈ ರಿಪೇರಿ ಕಲಿತ ಹೊಸದರಲ್ಲಿ ಎಲ್ಲರಿಗೂ ಬರುತ್ತದೆ. ನಮ್ಮ ಹುಡುಗನೊಬ್ಬ ಇನ್ನೊಬ್ಬ ಕ್ಲೈಂಟ್‌ಗೆ ಒಂದೇ ಸಾಲು ಬರೆದ: ‘ಗುರುವಾರದೊಳಗೆ ಡೊಮೇನ್ ಪ್ರವೇಶ ಕೊಡಿ.’ ಐದು ನಿಮಿಷದಲ್ಲಿ ಫೋನ್ ಬಂತು, ‘ಏನ್ರೀ, ಸೈಟ್ ಹ್ಯಾಕ್ ಆಗಿದೆಯಾ?’ ಅಂತ. ಹಸಿರು ವಾಕ್ಯಗಳನ್ನೂ ಕತ್ತರಿಸಿದರೆ ಹೀಗಾಗುತ್ತದೆ. ಕಾರಣ ಒಂದು, ಮಾಡದಿದ್ದರೆ ಏನು ನಷ್ಟ ಅನ್ನುವುದು ಒಂದು, ಇವೆರಡು ಉಳಿಯಲೇಬೇಕು.

ಕೋರಿಕೆ ಮೊದಲು ಇಡಬಾರದ ಮೇಲ್‌ಗಳೂ ಇವೆ. ತಪ್ಪು ನಮ್ಮದಾಗಿದ್ದರೆ, ಉದಾಹರಣೆಗೆ ನಮ್ಮಿಂದ ಸೈಟ್ ಎರಡು ಗಂಟೆ ನಿಂತಿದ್ದರೆ, ಮೊದಲ ವಾಕ್ಯದಲ್ಲಿ ಆದದ್ದನ್ನು ಹೇಳಬೇಕು, ಎರಡನೇದರಲ್ಲಿ ಈಗ ಸರಿಯಾಗಿದೆಯೋ ಇಲ್ಲವೋ, ಆಮೇಲೆ ಅವರಿಂದ ಏನು ಬೇಕು ಅಂತ. ಅಂಗಡಿ ಬಾಗಿಲು ಮುಚ್ಚಿಸಿ ಆಮೇಲೆ ‘ಒಂದು ಪ್ರವೇಶ ಕೊಡಿ’ ಅಂತ ಶುರು ಮಾಡಿದರೆ ಉರಿಯುತ್ತದೆ. ನಿಮ್ಮ ಪರಿಚಯವೇ ಇಲ್ಲದವರಿಗೆ ಬರೆಯುವಾಗಲೂ ನೀವು ಯಾರು ಅಂತ ಒಂದು ಸಾಲು ಮೊದಲು ಬೇಕು, ಒಂದೇ ಸಾಲು.

ಮತ್ತೊಂದು ಬಲೆ ಹಳೆ ಮೇಲ್ ಸರಣಿ. ಜಿಮೇಲ್ ಹಿಂದಿನ ಮೇಲ್‌ಗಳ ಪಠ್ಯವನ್ನು ಮೂರು ಚುಕ್ಕೆಯ ಹಿಂದೆ ಮಡಚಿ ಇಡುತ್ತದೆ. ‘ಕೆಳಗಿನ ಮೇಲ್‌ನಲ್ಲಿ ಕೇಳಿದ್ದೆ, ನೋಡಿ’ ಅಂದರೆ ಅವರು ಆ ಚುಕ್ಕೆ ಒತ್ತಿ ಹುಡುಕಬೇಕು, ಯಾರೂ ಹುಡುಕುವುದಿಲ್ಲ. ಕೋರಿಕೆ ಹೊಸದಾದರೆ ಹೊಸ ಮೇಲ್, ಹೊಸ ವಿಷಯದ ಸಾಲು. ಹಳೆಯದನ್ನೇ ನೆನಪಿಸುವುದಾದರೂ ಕೋರಿಕೆಯ ವಾಕ್ಯವನ್ನು ಮತ್ತೆ ಪೂರ್ತಿ ಬರೆಯಿರಿ.

ಸರಿಹೋಯಿತಾ ಅಂತ ತಿಳಿಯುವುದು

ಎರಡನೇ ಮೇಲ್‌ಗೆ ಮುಕ್ಕಾಲು ಗಂಟೆಯಲ್ಲಿ ಉತ್ತರ ಬಂತು: ‘6 ಆಗಲ್ಲ, ಅಂಗಡಿ ರಶ್ ಇರುತ್ತೆ. 8ಕ್ಕೆ ಮಾಡಿ.’ ಇದು ಇಲ್ಲ ಅನ್ನುವ ಉತ್ತರ, ಆದರೂ ಮೇಲ್ ಕೆಲಸ ಮಾಡಿದೆ. ನೀವು ಕೇಳಿದ್ದರಲ್ಲಿದ್ದ ದಿನ, ಹೊತ್ತು ಅಥವಾ ಮೊತ್ತ ಉತ್ತರದಲ್ಲಿ ತಿರುಗಿ ಬಂದರೆ ಅವರು ಕೋರಿಕೆಯನ್ನು ನೋಡಿದ್ದಾರೆ. ಅದಿಲ್ಲದ ‘ಓಕೆ’ಯನ್ನು ನಾನು ಈಗ ಉತ್ತರ ಅಂತ ಎಣಿಸುವುದೇ ಇಲ್ಲ, ಅದೇ ದಿನ ಫೋನ್ ಮಾಡುತ್ತೇನೆ.

ಬಿಲ್‌ದು ಮಾತ್ರ ಬೇರೆ ಕಥೆ. ಅದಕ್ಕೂ ಹೀಗೇ ಬೇರೆ ಮೇಲ್ ಬರೆದೆ. ಮೊದಲ ಸಾಲಿನಲ್ಲಿ ಮೊತ್ತ, ಗಡುವು, ಖಾತೆ ನಂಬರ್, ಕೆಳಗೆ ಬಿಲ್. ನಾಲ್ಕೇ ಸಾಲು. ಎರಡು ಸಲ ಕಳಿಸಿದೆ, ಎರಡು ಸಲವೂ ಮೌನ. ಇಲ್ಲಿ ಮೂರನೇ ಸಲ ತಿದ್ದಲು ಕೂರಬೇಡಿ. ಹತ್ತು ಸೆಕೆಂಡಿನ ಪರೀಕ್ಷೆ ಪಾಸಾದ ಮೇಲ್‌ಗೆ ಎರಡು ಸಲ ಉತ್ತರ ಬರದಿದ್ದರೆ ಒಂದೋ ತಪ್ಪು ಮನುಷ್ಯರಿಗೆ ಬರೆದಿದ್ದೀರಿ, ಇಲ್ಲ ಅವರಿಗೆ ಅದನ್ನು ಮಾಡಲು ಮನಸ್ಸಿಲ್ಲ. ಮೊದಲನೇದನ್ನು ಪರೀಕ್ಷಿಸುವುದು ಸುಲಭ. ಅವರ ಲೆಕ್ಕ ನೋಡುವವರ ಮೇಲ್ ಐಡಿ ಕೇಳಿ ತೆಗೆದುಕೊಂಡು, ಒಂದಕ್ಷರ ಬದಲಿಸದೆ ಅದನ್ನೇ ಅವರಿಗೆ ಕಳಿಸಿದೆ. ಮರುದಿನ ಮಧ್ಯಾಹ್ನ ಹಣ ಜಮೆ ಆದ ಮೆಸೇಜ್ ಬಂತು, ಅದರ ಹಿಂದೆಯೇ ಅವರದೊಂದು ಸಾಲು: ‘ಜಿಎಸ್‌ಟಿ ನಂಬರ್ ತಪ್ಪಿದೆ, ತಿದ್ದಿದ ಬಿಲ್ 20ರೊಳಗೆ ಕಳಿಸಿ.’